ಹಣೆಗೂ ಕೂದಲಿಗೂ ನಡುವೆ ಗೆರೆಯಿಲ್ಲ

ಹಳೆಯ ಗ್ರೂಪ್ ಫೋಟೊವನ್ನು ಸರಿಪಡಿಸಲು ಸ್ಟುಡಿಯೊಗೆ ಕೊಡುವವರು ಹರಿದ ಮೂಲೆ, ಹಳದಿ ಕಲೆಗಳನ್ನು ತೋರಿಸಿದ ಮೇಲೆ ಇನ್ನೊಂದು ಮಾತು ಸೇರಿಸುವುದುಂಟು: ‘ಅಪ್ಪನ ಮುಂದಲೆ ತೀರಾ ಬೋಳಾಗಿ ಕಾಣ್ತಿದೆ, ಸ್ವಲ್ಪ ಕೂದಲು ಬರೋ ಹಾಗೆ ಮಾಡಿ.’ ಈ ಕೋರಿಕೆಗೆ ಎಷ್ಟೋ ಸಲ ನ್ಯಾಯವಾದ ಕಾರಣವೇ ಇರುತ್ತದೆ. ಫ್ಲ್ಯಾಶ್ ನೇರವಾಗಿ ಬಿದ್ದಾಗ ತೆಳುಗೂದಲಿನ ನಡುವಿನ ಚರ್ಮ ಹೊಳೆಯುತ್ತದೆ, ಆ ಹೊಳಪಿನಲ್ಲಿ ಇದ್ದ ಕೂದಲೂ ಕರಗಿಹೋಗುತ್ತದೆ. ಪ್ರಿಂಟ್ ಮಾಸಿದಷ್ಟೂ ಇದು ಹೆಚ್ಚುತ್ತದೆ.

ತಿದ್ದಲು ಕೂತವರ ಕೈ ಮೊದಲು ಹೋಗುವುದು ಹಣೆಯ ಅಂಚಿಗೆ. ಅಲ್ಲಿ ಕಪ್ಪು ಗೆರೆಗಳನ್ನು ಎಳೆದರೆ ಮುಖಕ್ಕೆ ವಿಗ್ ಇಟ್ಟ ಹಾಗಾಗುತ್ತದೆ. ಏಕೆಂದರೆ ನಿಜವಾದ ತಲೆಯಲ್ಲಿ ಹಣೆ ಮುಗಿದು ಕೂದಲು ಶುರುವಾಗುವ ಗೆರೆಯೇ ಇಲ್ಲ. ತೀರಾ ಮುಂದೆ ಒಂಟಿ ಕೂದಲುಗಳು ದೂರದೂರ ಹುಟ್ಟುತ್ತವೆ. ಸ್ವಲ್ಪ ಹಿಂದೆ ಹೋದರೆ ಒಂದೇ ಜಾಗದಿಂದ ಎರಡು, ಮೂರು ಕೂದಲು ಹೊರಡುತ್ತವೆ. ಹೀಗೆ ಹಿಂದೆ ಹೋದಂತೆ ದಟ್ಟಣೆ ಏರುತ್ತದೆ. ಕೂದಲು ಕಸಿ ಮಾಡುವ ವೈದ್ಯರೂ ಮುಂಭಾಗಕ್ಕೆ ಒಂಟಿ ಕೂದಲಿನ ಕಸಿಯನ್ನೇ ಇಡುತ್ತಾರೆ.

ಅಳತೆ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 4×6 ಇಂಚಿನ ಗ್ರೂಪ್ ಫೋಟೊವನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದ್ದೇವೆ ಎನ್ನೋಣ. ಅದರಲ್ಲಿ ಅಪ್ಪನ ತಲೆ ಗಲ್ಲದಿಂದ ನೆತ್ತಿಯವರೆಗೆ 15 ಮಿಲಿಮೀಟರ್ ಇದ್ದರೆ ಸುಮಾರು 350 ಪಿಕ್ಸೆಲ್ ಆಯಿತು. ನಿಜವಾದ ತಲೆ ಸುಮಾರು 22 ಸೆಂಟಿಮೀಟರ್. ಅಂದರೆ ಒಂದು ಪಿಕ್ಸೆಲ್‌ನಲ್ಲಿ 0.6 ಮಿಲಿಮೀಟರಿನಷ್ಟು ಅಗಲ ಅಡಗಿದೆ. ಕೂದಲಿನ ದಪ್ಪ 0.1 ಮಿಲಿಮೀಟರನ್ನು ದಾಟುವುದು ಅಪರೂಪ. ಒಂದೇ ಪಿಕ್ಸೆಲ್ಲಿನ ಕಪ್ಪು ಗೆರೆ ಎಳೆದರೂ ಅದು ಕೂದಲಿಗಿಂತ ಆರು ಪಟ್ಟಾದರೂ ದಪ್ಪ. ಹಾಗಾಗಿ ಇಂಥ ಫೋಟೊದಲ್ಲಿ ಮಾಡಬೇಕಾದ ಕೆಲಸ ಕೂದಲು ಬಿಡಿಸುವುದಲ್ಲ, ಹೊಳೆಯುವ ಚರ್ಮವನ್ನು ಮಬ್ಬು ಮಾಡುವುದು.

ಫೋಟೊಶಾಪ್ ಅಥವಾ ಉಚಿತವಾಗಿ ಸಿಗುವ ಗಿಂಪ್, ಯಾವುದರಲ್ಲಾದರೂ ಇದನ್ನು ಮಾಡಬಹುದು. ಮೂಲ ಚಿತ್ರದ ಮೇಲೆ ಹೊಸ ಲೇಯರ್ ಇಟ್ಟು ಅದನ್ನು Multiply ಮೋಡ್‌ಗೆ ಹಾಕಿ. ಆಗ ಕೆಳಗಿರುವ ಕೂದಲಿನ ವಿವರ ಮುಚ್ಚದೆ ನೆರಳು ಮಾತ್ರ ಸೇರುತ್ತದೆ. ಬಣ್ಣವನ್ನು ಕಿವಿಯ ಮೇಲಿನ ಕೂದಲಿನಿಂದಲೇ ಆರಿಸಿಕೊಳ್ಳಿ. ಅತಿ ಕಪ್ಪು ಜಾಗ ಬೇಡ, ನಡುವಿನ ಕಂದುಗಪ್ಪು ಸಾಕು. ಬ್ರಷ್‌ನ Hardness 0, Opacity 8 ಇರಲಿ.

ಮೊದಲ ಪದರವನ್ನು ದಟ್ಟ ಕೂದಲಿನಿಂದ ಶುರುಮಾಡಿ ಹಣೆಯ ಅಂಚಿನವರೆಗೆ ತನ್ನಿ. ಎರಡನೆಯದನ್ನು ಆರು ಪಿಕ್ಸೆಲ್ ಹಿಂದೆಯೇ ನಿಲ್ಲಿಸಿ, ಮೂರನೆಯದನ್ನು ಇನ್ನಾರು ಹಿಂದೆ. ಹೀಗೆ ಎಂಟು ಪದರವಾಗುವಾಗ ಸುಮಾರು 3 ಸೆಂಟಿಮೀಟರಿನಷ್ಟು ತಲೆ ತುಂಬಿರುತ್ತದೆ. ಹಿಂಭಾಗದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬಣ್ಣ ಕೂತಿರುತ್ತದೆ, ಮುಂದಿನ ಅಂಚಿನಲ್ಲಿ ಒಂದೇ ತೆಳು ಪದರ. ದಟ್ಟಣೆಯ ಏರಿಳಿತ ತಾನಾಗಿಯೇ ಬಂದುಬಿಡುತ್ತದೆ.

ಈಗ ಅಂಚು ಮೆದುವಾಗಿದ್ದರೂ ತೀರಾ ನೇರವಾಗಿರುತ್ತದೆ. ನಾಲ್ಕೈದು ಪಿಕ್ಸೆಲ್ಲಿನ ಮೆತ್ತನೆಯ ಎರೇಸರಿನಿಂದ ಅಲ್ಲಲ್ಲಿ ಒಳಕ್ಕೆ ಕೊರೆದು ಅದನ್ನು ಅಂಕುಡೊಂಕು ಮಾಡಬೇಕು. ಹಣೆಯ ಎರಡೂ ಮೂಲೆಗಳಲ್ಲಿ ಕೂದಲು ಹಿಂದೆ ಸರಿದಿದ್ದರೆ ಅದನ್ನು ಹಾಗೇ ಬಿಡಿ. ನಲವತ್ತು ದಾಟಿದ ಗಂಡಸಿನ ಮುಖಕ್ಕೆ ಆ ಮೂಲೆಗಳೇ ವಯಸ್ಸು ಕೊಡುತ್ತವೆ, ತುಂಬಿಸಿದರೆ ಆಳೇ ಬದಲಾಗುತ್ತಾನೆ. ಕೊನೆಗೆ ಬೇಕೆನಿಸಿದರೆ ಒಂದು ಪಿಕ್ಸೆಲ್ಲಿನ ಕೆಲವು ಎಳೆಗಳನ್ನು ಈಗಿರುವ ಕೂದಲು ಬಾಗಿದ ಕಡೆಗೇ ಎಳೆಯಿರಿ. ಅವುಗಳ Opacity 15 ಮೀರಬಾರದು. ಪಿಕ್ಸೆಲ್ಲಿನ ಆರನೇ ಒಂದು ಭಾಗದಷ್ಟು ದಪ್ಪದ ಕೂದಲು ಅದಕ್ಕಿಂತ ಗಾಢವಾಗಿ ಕಾಣಲಾರದು.

ತಪ್ಪನ್ನು ಹಿಡಿಯಲು ಚಿತ್ರವನ್ನು ದೊಡ್ಡದು ಮಾಡಿ ನೋಡುವುದಕ್ಕಿಂತ ಪ್ರಿಂಟಿನ ಅಳತೆಗೆ ಇಳಿಸಿ ನೋಡುವುದು ಒಳ್ಳೆಯದು. ಎಡಬಲ ತಿರುಗಿಸಿಯೂ ನೋಡಿ. ಮುಖಕ್ಕಿಂತ ಮೊದಲು ಹಣೆಯ ಅಂಚೇ ಕಣ್ಣಿಗೆ ಬಿದ್ದರೆ ಮುಂದಿನ ಪದರ ಹೆಚ್ಚಾಗಿದೆ. ತಲೆಯ ಮೇಲೆ ನುಣ್ಣಗಿನ ಕಂದು ಕಲೆಯಿದ್ದಂತೆ ಕಂಡರೆ, ಉಳಿದ ಚಿತ್ರದಲ್ಲಿರುವ ಕಾಳುಕಾಳಾದ ಮೈ ಅಲ್ಲಿ ಇಲ್ಲ ಎಂದರ್ಥ. ನಾಯ್ಸ್ ಫಿಲ್ಟರಿನಿಂದ ಅದನ್ನು ಸ್ವಲ್ಪ ಸೇರಿಸಬೇಕು.

ಈ ವಿಧಾನಕ್ಕೊಂದು ಮಿತಿಯಿದೆ. ಫ್ಲ್ಯಾಶ್ ಬಿದ್ದು ಪೂರ್ತಿ ಬಿಳಿಯಾದ ಜಾಗದಲ್ಲಿ ಉಳಿಸಿಕೊಳ್ಳಲು ವಿವರವೇ ಇರುವುದಿಲ್ಲ, ಅಲ್ಲಿ ನೆರಳು ಹಾಕಿದರೆ ಬರಿಯ ಬಣ್ಣವೇ ಉಳಿಯುತ್ತದೆ. ಅಂಥ ಕಡೆ ಪಕ್ಕದ ಕೂದಲನ್ನು ಕ್ಲೋನ್ ಟೂಲಿನಿಂದ ತಂದು ಕೂರಿಸಿ, ಆಮೇಲೆ ಪದರ ಹಾಕಬೇಕು. ಎಷ್ಟು ಕೂದಲು ಸಾಕು ಎಂಬುದನ್ನು ತಿದ್ದುವವರು ಊಹಿಸಬಾರದು. ಅದೇ ವರ್ಷದ, ಫ್ಲ್ಯಾಶ್ ಇಲ್ಲದೆ ಹಗಲು ಬೆಳಕಿನಲ್ಲಿ ತೆಗೆದ ಇನ್ನೊಂದು ಫೋಟೊ ಮನೆಯಲ್ಲಿ ಸಿಕ್ಕರೆ ಅದೇ ಅಳತೆಗೋಲು. ಅದರಲ್ಲಿ ಕಾಣುವಷ್ಟು ಕೂದಲು ಬಂದ ಕೂಡಲೇ ಕೈ ನಿಲ್ಲಿಸಬೇಕು.