ಯಾವ ಲೆಕ್ಕಕ್ಕೆ ಯಾವ ಪರೀಕ್ಷೆ?

ಸಂಖ್ಯಾಶಾಸ್ತ್ರದ ಸೂತ್ರಗಳೆಲ್ಲ ಬಾಯಿಪಾಠ ಆಗಿವೆ. ಯಾವುದನ್ನು ಎಲ್ಲಿ ಹಾಕಬೇಕೆಂದು ತಿಳಿಯುವುದು ಹೇಗೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಮಾಳಮಡ್ಡಿ, ಧಾರವಾಡ

ವೈದ್ಯರು ಔಷಧಿ ಬರೆಯುವ ಮುನ್ನ ಪ್ರಶ್ನೆ ಕೇಳುವಂತೆ ನೀವೂ ಕೇಳಿಕೊಳ್ಳಿ. ಹಾಳೆಯ ಮೇಲೆ ಪ್ರಶ್ನೆ ಬರೆದು, ಉತ್ತರಕ್ಕೊಂದು ಬಾಣ ಎಳೆಯಿರಿ. ಕೈಯಲ್ಲಿರುವುದು ಎಣಿಕೆಯೋ, ಅಳತೆಯೋ? ಎಣಿಕೆಯಾದರೆ ಬಾಣ ಕೈ-ಸ್ಕ್ವೇರ್‌ನತ್ತ. ಅಳತೆಯಾಗಿದ್ದು, ಗುಂಪು ಮೂರೋ ಹೆಚ್ಚೋ ಇದ್ದರೆ ಅನೋವಾ. ಎರಡೇ ಇದ್ದರೆ, ಹೆಚ್ಚಿನವರು ಎಡವುವ ಪ್ರಶ್ನೆ ಬರುತ್ತದೆ: ಅಳತೆಗಳು ಜೋಡಿಯೋ, ಬಿಡಿಯೋ?

8 ಹೊಲಗಳಿವೆ, ಪ್ರತಿ ಹೊಲದಲ್ಲೂ ಜೋಳದ ಎರಡು ತಳಿ ಅಕ್ಕಪಕ್ಕ ಬಿತ್ತಿದೆ ಅನ್ನಿ. ಒಂದೇ ಮಣ್ಣಿನ ಎರಡು ಇಳುವರಿ ಒಂದು ಜೋಡಿ. ಹೊಲಕ್ಕೊಂದರಂತೆ 8 ವ್ಯತ್ಯಾಸ ತೆಗೆದು ಜೋಡಿ ಟಿ-ಪರೀಕ್ಷೆ ಮಾಡಿ. ಇಲ್ಲಿ ಬಿಡಿ ಟಿ-ಪರೀಕ್ಷೆ ಹಾಕಿದರೆ ಹೊಲದಿಂದ ಹೊಲಕ್ಕಿರುವ ಮಣ್ಣಿನ ಏರುಪೇರಿನಲ್ಲಿ ತಳಿಗಳ ಅಂತರ ಮುಚ್ಚಿಹೋಗುತ್ತದೆ. ಒಂದೆರಡು ವ್ಯತ್ಯಾಸ ಮಾತ್ರ ವಿಪರೀತ ದೊಡ್ಡದಾಗಿದ್ದರೆ ಬಾಣವನ್ನು ವಿಲ್ಕಾಕ್ಸನ್ ಪರೀಕ್ಷೆಗೆ ತಿರುಗಿಸಿ.