ನಾಲ್ಕನೇ ಪಿನ್ ತೆಗೆದ ಮೇಲೆ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಎರಕದ ಬ್ರ್ಯಾಕೆಟ್ ನಮ್ಮನ್ನು ಬಹಳ ಕಾಡಿತು. ಬೂದು ಎರಕದ ಕಬ್ಬಿಣದ್ದು. ಕೆಳಗೆ 200 ಮಿ.ಮೀ. ಉದ್ದ, 120 ಮಿ.ಮೀ. ಅಗಲದ ಚಪ್ಪಟೆ ತಳ. ಅದರ ನಡುವಿನಿಂದ ಗಿಡ್ಡ ಕಂಬದ ಹಾಗೆ ಎದ್ದ ಗುಂಡು ಬಾಸ್. ಬಾಸ್‌ನ ಮೇಲ್ತುದಿಯಿಂದ ತಳದ ಕೆಳಮೈವರೆಗೆ 100 ಮಿ.ಮೀ. ನೇರ ತೂತು ಇಳಿಯಬೇಕು, ತಳದ ನಾಲ್ಕು ಮೂಲೆಗಳಲ್ಲಿ ಬೋಲ್ಟಿಗೆ ನಾಲ್ಕು ತೂತು ಬೀಳಬೇಕು. ಡ್ರಿಲ್ಲಿಗೆ ದಾರಿ ತೋರಿಸುವ ಗಟ್ಟಿ ಉಕ್ಕಿನ ಬುಷ್‌ಗಳಿರುವ ಜಿಗ್ ತಯಾರಿತ್ತು. ಬುಷ್‌ಗಳ ಅಳತೆ ಸರಿಯಾಗಿತ್ತು, ಡ್ರಿಲ್ ಚೂಪಾಗಿತ್ತು. ಆದರೂ ಒಂದು ಪೀಸಿನ ತೂತು ಇನ್ನೊಂದರ ಹಾಗೆ ಬರುತ್ತಿರಲಿಲ್ಲ.

ನಮ್ಮ ಹಿರಿಯ ಮೇಸ್ತ್ರಿ ಬಂದು ಪೀಸನ್ನು ಜಿಗ್ಗಿನಲ್ಲಿ ಕೂರಿಸಿದರು. ಕ್ಲಾಂಪ್ ಬಿಗಿಯದೆ ಒಂದೊಂದೇ ಮೂಲೆಯನ್ನು ಬೆರಳಿನಿಂದ ಒತ್ತಿದರು. ಟಕ್, ಟಕ್ ಎಂದು ಸಣ್ಣ ಸದ್ದು. ಪೀಸು ಕುಂಟುತ್ತಿತ್ತು. "ತಮ್ಮಾ, ನಾಕನೇ ಪಿನ್ ತಗದ್ ನೋಡು" ಅಂದರು. ಒಂದು ಆಧಾರ ಕಡಿಮೆಯಾದರೆ ಹಿಡಿತ ಹೇಗೆ ಹೆಚ್ಚೀತು ಎಂಬುದು ಆಗ ನನಗೆ ಅರ್ಥವಾಗಲಿಲ್ಲ.

ಮೂರು ಕಾಲಿನ ಮಣೆಯನ್ನು ಎಂಥ ತಗ್ಗುದಿಣ್ಣೆಯ ನೆಲದಲ್ಲಿಟ್ಟರೂ ಅದು ಕುಂಟುವುದಿಲ್ಲ. ನಾಲ್ಕು ಕಾಲಿನದು ಮಟ್ಟಸವಾದ ನೆಲವನ್ನೇ ಬೇಡುತ್ತದೆ. ಮರಳಿನ ಅಚ್ಚಿನಿಂದ ಬಂದ ಎರಕದ ಮೈ ಮಟ್ಟಸವಲ್ಲ. ಅರ್ಧ ಮಿಲಿಮೀಟರಿನಷ್ಟು ಏರುಪೇರು ಅದರಲ್ಲಿ ಸಾಮಾನ್ಯ. ಅಂಥ ಮೈಯನ್ನು ನಾಲ್ಕು ಪಿನ್ನುಗಳ ಮೇಲಿಟ್ಟರೆ ಅದು ಯಾವ ಮೂರರ ಮೇಲೆ ಕೂರುತ್ತದೆಂದು ಮೊದಲೇ ಹೇಳಲಾಗದು. ಕ್ಲಾಂಪ್ ಬಿಗಿದಾಗ ಬಿಡುವಿದ್ದ ಮೂಲೆಯೂ ಬಾಗಿ ಪಿನ್ನಿಗೆ ತಾಗುತ್ತದೆ, ಎಲ್ಲ ಗಟ್ಟಿಯಾಗಿ ಕೂತ ಹಾಗೆ ಕಾಣುತ್ತದೆ. ತೂತು ಹಾಕಿ ಕ್ಲಾಂಪ್ ಸಡಿಲಿಸಿದೊಡನೆ ಪೀಸು ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ, ನೇರ ಇಳಿದಿದ್ದ ತೂತು ಓರೆಯಾಗುತ್ತದೆ. ಬಿಗಿತ ಅತಿಯಾದರೆ ಬೂದು ಎರಕ ಬಾಗುವ ಬದಲು ಬಿರುಕು ಬಿಡುವುದೂ ಉಂಟು.

ಹಾಗಾದರೆ ಒಟ್ಟು ಎಷ್ಟು ಆಧಾರ ಬೇಕು? ಮೇಜಿನ ಮೇಲೆ ಒಂದು ಬೆಂಕಿಪೊಟ್ಟಣ ಇಟ್ಟು ನೋಡಿ. ಯಾವ ವಸ್ತುವಿಗೂ ಇರುವುದು ಆರು ಬಗೆಯ ಚಲನೆ. ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಸರಿಯುವುದು ಮೂರು. ಆ ಮೂರು ದಿಕ್ಕುಗಳನ್ನೇ ಅಚ್ಚಾಗಿಸಿಕೊಂಡು ತಿರುಗುವುದು ಇನ್ನು ಮೂರು. ತಳದ ಮೂರು ಪಿನ್ನುಗಳು ಪೊಟ್ಟಣ ಕೆಳಗಿಳಿಯದಂತೆ, ಉದ್ದಕ್ಕೂ ಅಡ್ಡಕ್ಕೂ ವಾಲದಂತೆ ತಡೆಯುತ್ತವೆ. ಅಲ್ಲಿಗೆ ಮೂರು ಚಲನೆ ಮುಗಿಯಿತು. ಆದರೂ ಅದು ಮೇಜಿನ ಮೇಲೆ ಜಾರಬಲ್ಲದು, ಬೀಸುವ ಕಲ್ಲಿನ ಹಾಗೆ ತಿರುಗಬಲ್ಲದು. ಉದ್ದನೆಯ ಬದಿಗೆ ಎರಡು ಪಿನ್ ಕೊಟ್ಟರೆ ಆ ಕಡೆಗೆ ಜಾರುವುದೂ ತಿರುಗುವುದೂ ನಿಂತವು. ಗಿಡ್ಡ ಬದಿಗೆ ಒಂದು ಪಿನ್ ಕೊಟ್ಟರೆ ಉಳಿದ ಒಂದು ಜಾರುವಿಕೆಯೂ ನಿಂತಿತು. ಮೂರು, ಎರಡು, ಒಂದು. ಏಳನೆಯ ಪಿನ್ ಹಾಕಿದರೆ ಅದು ಈ ಆರರಲ್ಲಿ ಯಾವುದಾದರೂ ಒಂದರೊಡನೆ ಜಗಳಕ್ಕೆ ನಿಲ್ಲುತ್ತದೆ. ಕ್ಲಾಂಪ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಪೀಸು ಎಲ್ಲಿರಬೇಕೆಂದು ಹೇಳುವುದು ಪಿನ್. ಅದನ್ನು ಪಿನ್ನಿಗೆ ಒತ್ತಿ ಹಿಡಿಯುವುದಷ್ಟೇ ಕ್ಲಾಂಪಿನ ಕೆಲಸ. ಅದಕ್ಕೇ ಮೇಲಿನ ಕ್ಲಾಂಪ್ ಆದಷ್ಟೂ ತಳದ ಪಿನ್ನಿನ ನೆತ್ತಿಯ ಮೇಲೇ ಒತ್ತಬೇಕು. ಪಕ್ಕಕ್ಕೆ ಒತ್ತಿದರೆ ಮತ್ತೆ ಪೀಸು ಬಾಗುತ್ತದೆ.

ಎಣಿಕೆ ಇಷ್ಟು ಸುಲಭ. ಆ ಆರು ಪಿನ್ನುಗಳನ್ನು ಎಲ್ಲಿಡಬೇಕು ಎಂಬುದರಲ್ಲೇ ಕೆಲಸಗಾರನ ಬುದ್ಧಿ ಇರುವುದು. ನಮ್ಮ ಬ್ರ್ಯಾಕೆಟ್ಟಿಗೆ ತಳದಲ್ಲಿ ಎರಡು ಪಿನ್ ಒಂದು ಉದ್ದ ಅಂಚಿನ ಬಳಿ, ಮೂರನೆಯದು ಎದುರು ಅಂಚಿನ ನಡುವೆ ಬಂತು. ಎರಡು ಅಂಚುಗಳ ಪಿನ್ನುಗಳ ನಡುವೆ 90 ಮಿ.ಮೀ. ಅಂತರ. ಮೂರನೆಯ ಪಿನ್ನಿನ ತಲೆಯ ಮೇಲೆ 0.2 ಮಿ.ಮೀ. ದಪ್ಪದ ಒಂದು ಚೂರು ಕೂತಿತು ಅನ್ನಿ. ತಳ ಅಷ್ಟು ವಾಲುತ್ತದೆ, 100 ಮಿ.ಮೀ. ಇಳಿಯುವ ತೂತು ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಸುಮಾರು 0.22 ಮಿ.ಮೀ. ಓರೆಯಾಗುತ್ತದೆ. ಪಿನ್ನುಗಳ ಅಂತರ 45 ಇದ್ದಿದ್ದರೆ ಅದೇ ಚೂರು 0.44 ಮಿ.ಮೀ. ಓರೆ ಮಾಡುತ್ತಿತ್ತು. ಪಿನ್ನುಗಳನ್ನು ಆದಷ್ಟು ದೂರ ದೂರ ಇಡುವುದು, ಎರಡು ಪಿನ್ನುಗಳನ್ನು ಉದ್ದನೆಯ ಬದಿಗೇ ಕೊಡುವುದು ಈ ಕಾರಣಕ್ಕೆ.

ಮೂರು ಪಿನ್ನಿನ ಒಂದು ದೋಷವನ್ನೂ ಇಲ್ಲಿ ಹೇಳಬೇಕು. ಕೆಳಗೆ ಚೂರು ಸಿಕ್ಕಿಕೊಂಡರೂ ಪೀಸು ಕುಂಟುವುದಿಲ್ಲ, ಗಟ್ಟಿಯಾಗಿಯೇ ಕೂರುತ್ತದೆ. ಆಪರೇಟರಿಗೆ ಸುಳಿವೇ ಸಿಗದು. ನಾಲ್ಕು ಪಿನ್ ಇದ್ದರೆ ಕುಂಟಿ ಹೇಳುತ್ತಿತ್ತು. ಆದ್ದರಿಂದಲೇ ತಳವನ್ನು ಮೊದಲೇ ಮಿಲ್ಲಿಂಗ್ ಮಾಡಿ ಮಟ್ಟಸಗೊಳಿಸಿದ ಪೀಸಿಗೆ ಕೆಲವರು ಬೇಕೆಂದೇ ನಾಲ್ಕು ಪಿನ್ ಕೊಡುತ್ತಾರೆ, ಅದು ತಪ್ಪಲ್ಲ. ಒರಟು ಎರಕಕ್ಕೆ ಮಾತ್ರ ಆ ಅನುಕೂಲವಿಲ್ಲ. ಅದಕ್ಕೆ ಪಿನ್ನಿನ ತಲೆ ಉಬ್ಬಾಗಿ, ಸಣ್ಣದಾಗಿ, ಸುತ್ತಲ ಮಟ್ಟಕ್ಕಿಂತ ಎತ್ತರದಲ್ಲಿರಬೇಕು. ಎರಕದ ಕಬ್ಬಿಣದ ಪುಡಿ ಆಗ ತಲೆಯ ಮೇಲೆ ನಿಲ್ಲದೆ ಕೆಳಗೆ ಉದುರುತ್ತದೆ.

ಬದಿಯ ಪಿನ್ನುಗಳಲ್ಲಿ ಬೇರೆ ತೊಡಕಿದೆ. ಮಾದರಿಯನ್ನು ಮರಳಿನಿಂದ ಸಲೀಸಾಗಿ ಎತ್ತಲೆಂದು ಎರಕದ ಬದಿಗಳಿಗೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಇಳಿಜಾರು 2 ಡಿಗ್ರಿ ಇದ್ದರೆ 10 ಮಿ.ಮೀ. ಎತ್ತರಕ್ಕೆ 0.35 ಮಿ.ಮೀ. ವ್ಯತ್ಯಾಸ. ಹಾಗಾಗಿ ಎರಡೂ ಪಿನ್ ಒಂದೇ ಎತ್ತರದಲ್ಲಿ ತಾಗಬೇಕು. ಅಚ್ಚಿನ ಎರಡು ಅರ್ಧಗಳು ಕೂಡುವ ಗೆರೆಯ ಮೇಲಂತೂ ಪಿನ್ ಇಡಲೇಬಾರದು. ಅಲ್ಲಿ ಏಳುವ ಅಂಚನ್ನು ಗ್ರೈಂಡರಿನಿಂದ ಒಬ್ಬ ಹೆಚ್ಚು, ಒಬ್ಬ ಕಡಿಮೆ ಉಜ್ಜಿರುತ್ತಾನೆ.

ಮೂರು ಪಿನ್ ಆದ ಮೇಲೆ ನಮ್ಮ ನಡುತೂತು ಸರಿಹೋಯಿತು. ಅದು ಮೂರು ಪಿನ್ನುಗಳ ತ್ರಿಕೋನದ ಒಳಗೇ ಬೀಳುತ್ತಿತ್ತು, ಡ್ರಿಲ್ಲಿನ ಒತ್ತಡ ಪೀಸನ್ನು ಪಿನ್ನುಗಳ ಮೇಲೆ ಇನ್ನಷ್ಟು ಕೂರಿಸುತ್ತಿತ್ತು. ಮೂಲೆಯ ತೂತುಗಳು ತ್ರಿಕೋನದ ಹೊರಗೆ. ಅಲ್ಲಿ ಡ್ರಿಲ್ ಒತ್ತಿದರೆ ಪೀಸು ಪಲ್ಟಿಯಾಗಲು ನೋಡುತ್ತದೆ, ಒಂಟಿ ಪಿನ್ ಇದ್ದ ಅಂಚಿನ ಎರಡು ಮೂಲೆಗಳಲ್ಲಂತೂ ಇನ್ನೂ ಹೆಚ್ಚು. ಆಗ ಮೇಸ್ತ್ರಿ ಆ ಎರಡು ಮೂಲೆಗಳ ಬಳಿ ಮತ್ತೆ ಆಧಾರ ಕೊಟ್ಟರು. ಆದರೆ ಅವು ಸ್ಥಿರ ಪಿನ್ನುಗಳಲ್ಲ, ಸಣ್ಣ ಸ್ಕ್ರೂ ಜ್ಯಾಕ್‌ಗಳು. ಪೀಸು ಮೊದಲು ಮೂರು ಪಿನ್ನುಗಳ ಮೇಲೆ ಕೂತು ಬಿಗಿಯಾಗಬೇಕು. ಆಮೇಲೆ ಜ್ಯಾಕನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ, ಮೈಗೆ ತಾಗುತ್ತಲೇ ಲಾಕ್ ಮಾಡಬೇಕು. ಅದು ಪೀಸಿನ ಜಾಗವನ್ನು ಗೊತ್ತು ಮಾಡುವುದಿಲ್ಲ, ಡ್ರಿಲ್ಲಿನ ಭಾರವನ್ನಷ್ಟೇ ಹೊರುತ್ತದೆ. ಸ್ಪ್ಯಾನರ್ ಹಾಕಿ ಜ್ಯಾಕ್ ಏರಿಸಿದರೆ ಹಳೆಯ ನಾಲ್ಕನೇ ಪಿನ್ನೇ ಮರಳಿ ಬಂದಂತೆ.

ಜಿಗ್ ಸರಿಯಾಗಿದೆಯೇ ಎಂದು ನೋಡಲು ನಾವು ಒಂದೇ ಪೀಸನ್ನು ಹತ್ತು ಸಲ ತೆಗೆದು ಹಾಕುತ್ತಿದ್ದೆವು, ಪ್ರತಿ ಸಲವೂ ಬಾಸ್‌ನ ತುದಿಗೆ ಡಯಲ್ ಗೇಜ್ ಹಿಡಿಯುತ್ತಿದ್ದೆವು. ಮುಳ್ಳು ಪ್ರತಿ ಸಲ ಬೇರೆ ಕಡೆ ನಿಂತರೆ ದೋಷ ಪಿನ್ನಿನಲ್ಲೋ ಕ್ಲಾಂಪಿನಲ್ಲೋ ಇದೆ. ಒಂದೇ ಪೀಸು ಒಂದೇ ಕಡೆ ನಿಂತು, ಪೀಸು ಬದಲಾದಾಗ ಮಾತ್ರ ಮುಳ್ಳು ಸರಿದರೆ ದೋಷ ಎರಕದ್ದು.

ನಮ್ಮಲ್ಲಿ ಎರಡನೆಯದೂ ಆಯಿತು. ತಳ ಅಚ್ಚಿನ ಒಂದು ಅರ್ಧದಲ್ಲಿ, ಬಾಸ್ ಇನ್ನೊಂದರಲ್ಲಿ. ಅರ್ಧಗಳು ಕೂಡುವಾಗ ಒಂದು ಮಿಲಿಮೀಟರ್ ಅತ್ತಿತ್ತಾದರೆ ತಳದ ಅಂಚಿನಿಂದ ಅಳೆದ ತೂತು ಬಾಸ್‌ನ ನಡುವಿಗೆ ಬೀಳದು. ಒಂದು ಕಡೆಯ ಗೋಡೆ ತೆಳುವಾಗುತ್ತದೆ. ಗೋಡೆಯ ದಪ್ಪವೇ ಮುಖ್ಯವಾದ್ದರಿಂದ ಅಂಚಿನ ಪಿನ್ನುಗಳ ಬದಲು ಬಾಸನ್ನೇ ವಿ ಬ್ಲಾಕಿಗೆ ಒತ್ತಿ ಹಿಡಿದೆವು. ವಿ ಎರಡು ಕಡೆ ತಾಗಿ ಎರಡು ಜಾರುವಿಕೆಯನ್ನು ತಡೆಯಿತು, ತಿರುಗದಂತೆ ಅಂಚಿಗೆ ಒಂದೇ ಪಿನ್ ಉಳಿಯಿತು. ಎಣಿಸಿದರೆ ಆಗಲೂ ಆರೇ.

ಒರಟು ಮೈಯನ್ನು ಹೀಗೆ ನಂಬುವುದು ಒಂದೇ ಸಲ. ಮುಂದೆ ತಳವನ್ನು ಮಟ್ಟಸ ಮಾಡಿ, ಕರ್ಣದಲ್ಲಿರುವ ಎರಡು ಮೂಲೆತೂತುಗಳಿಗೆ ರೀಮರ್ ಹಾಕಿಕೊಂಡರೆ ಮಿಕ್ಕ ಕೆಲಸಕ್ಕೆಲ್ಲ ಅವೇ ಆಧಾರ. ತಳ ಮೂರು ಚಲನೆಯನ್ನು, ಒಂದು ತೂತಿನಲ್ಲಿ ಕೂತ ಗುಂಡು ಪಿನ್ ಎರಡನ್ನು, ಇನ್ನೊಂದರಲ್ಲಿ ಕೂತ ಡೈಮಂಡ್ ಪಿನ್ ಕೊನೆಯ ಒಂದನ್ನು ತಡೆಯುತ್ತದೆ. ಆ ಪಿನ್ನಿನ ಎರಡು ಬದಿ ಉಜ್ಜಿ ತೆಳುವಾಗಿಸಿರುವುದು, ತೂತುಗಳ ನಡುವಿನ ಅಂತರದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪೀಸು ಸಿಕ್ಕಿಹಾಕಿಕೊಳ್ಳದೆ ಇಳಿಯಲಿ ಎಂದು.