ಟಿಕ್ಕಾಗೆ ಜಾಲರಿ ಎಷ್ಟು ಎತ್ತರದಲ್ಲಿರಬೇಕು?

ಓವನ್ನಿನಲ್ಲಿ ಗ್ರಿಲ್ ಹಾಕಿದಾಗ ಮೇಲಿನ ಕಾಯಿಲ್ ಕೆಂಪಗೆ ಕಾಯುತ್ತದೆ, ಶಾಖ ನೇರ ಮೇಲಿನಿಂದ ಬೀಳುತ್ತದೆ. ಹಾಗಾಗಿ ಜಾಲರಿಯ ಎತ್ತರವೇ ಮುಖ್ಯ. ಪನೀರ್, ದೊಣ್ಣೆಮೆಣಸಿನಕಾಯಿ, ಈರುಳ್ಳಿಗೆ ಕಾಯಿಲ್‌ನಿಂದ 4 ಇಂಚು ಅಂತರ ಸಾಕು. ಬಣ್ಣ ಬಂದರೆ ಆಯಿತು. ಒಂದೂವರೆ ಇಂಚಿನ ಕೋಳಿ ತುಂಡಿಗೆ 6 ಇಂಚು ಬಿಡಿ. ಹತ್ತಿರವಿಟ್ಟರೆ ಮೊಸರಿನ ಮಸಾಲೆ ಸೀದು, ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಗ್ರಿಲ್ 10 ನಿಮಿಷ ಮೊದಲೇ ಕಾಯಲಿ. ತುಂಡುಗಳನ್ನು ಬಿಡಿಬಿಡಿಯಾಗಿ ಜೋಡಿಸಿ, ಕೆಳಗೆ ಟ್ರೇ ಇಡಿ. ಕೋಳಿಯ ಮಸಾಲೆ ಒಣಗಿ ಅಂಚು ಕಂದು ಬಣ್ಣಕ್ಕೆ ತಿರುಗಲು 7–8 ನಿಮಿಷ ಬೇಕು. ಆಗಲೇ ಮಗುಚಿ, ಎಣ್ಣೆ ಸವರಿ. ಅವಸರಪಟ್ಟರೆ ಮಸಾಲೆ ಜಾಲರಿಗಂಟಿ ಕಿತ್ತುಬರುತ್ತದೆ. ಇನ್ನೊಂದು ಬದಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಕೊನೆಗೆ ಎಲ್ಲಕ್ಕಿಂತ ದಪ್ಪ ತುಂಡನ್ನು ಕತ್ತರಿಸಿ ನೋಡಿ. ನಡುವೆ ಗುಲಾಬಿ ಬಣ್ಣ ಕಂಡರೆ ಜಾಲರಿಯನ್ನು ಒಂದು ಹಂತ ಇಳಿಸಿ ಇನ್ನಷ್ಟು ಬೇಯಿಸಿ.